ಚುಕ್ಕಿಗೂ ಗೆರೆಗೂ ಹದಿಮೂರು ಸೆಕೆಂಡ್: ಮಾಮೂಲಿ ಕ್ಯಾಮೆರಾದಲ್ಲಿ ನಕ್ಷತ್ರಗಳ ಫೋಟೊ

ಪ್ರಶ್ನೆ: ಸಂಕ್ರಾಂತಿ ರಜೆಗೆ ಹಿರಿಯೂರಿನ ಹತ್ತಿರ ನಮ್ಮೂರಿಗೆ ಹೋದಾಗ ಟ್ರೈಪಾಡ್ ಇಟ್ಟು ಆಕಾಶದ ಫೋಟೊ ತೆಗೆದೆ. ಕ್ಯಾನನ್‌ನ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, ಅದರ ಜತೆಗೇ ಬಂದ 18-55 ಲೆನ್ಸ್. 55ಕ್ಕೆ ಜೂಮ್ ಮಾಡಿ 30 ಸೆಕೆಂಡ್ ಕೊಟ್ಟರೆ ನಕ್ಷತ್ರಗಳು ಅಕ್ಕಿಕಾಳಿನ ಹಾಗೆ ಉದ್ದ ಬಂದಿವೆ. 18ರಲ್ಲಿ ತೆಗೆದವೆಲ್ಲ ಮಸುಕು. ನಕ್ಷತ್ರ ಸುತ್ತು ಹೊಡೆಯುವ ಚಿತ್ರ ಬೇಕು ಅಂತ ಒಂದು ಗಂಟೆ ಬಲ್ಬ್ ಮೋಡ್‌ನಲ್ಲಿ ಬಿಟ್ಟೆ, ಪೂರ್ತಿ ಬೆಳ್ಳಗೆ ಬಂತು. ಹೊಸ ಲೆನ್ಸ್ ತಗೋಬೇಕಾ, ಸೆಟ್ಟಿಂಗ್ ತಪ್ಪಾ?

ಉತ್ತರ: ಲೆನ್ಸ್ ಬೇಡ, ಇರುವುದೇ ಸಾಕು. ಮಸುಕಿಗೆ ಕಾರಣ ಫೋಕಸ್, ಅದಕ್ಕೆ ಆಮೇಲೆ ಬರುತ್ತೇನೆ. ಅಕ್ಕಿಕಾಳು ಮತ್ತು ಬಿಳಿ ಹಾಳೆ ಎರಡರ ಹಿಂದೆಯೂ ಇರುವುದು ಒಂದೇ ಎಣಿಕೆ: ಹೆಚ್ಚು ಹೊತ್ತು ಬಿಟ್ಟಷ್ಟೂ ನಕ್ಷತ್ರ ಹೆಚ್ಚು ಬೆಳಗುತ್ತದೆ ಎಂಬುದು. ಮರ, ಮನೆ, ಬೆಟ್ಟಕ್ಕೆ ಆ ಮಾತು ಸರಿ. ನಕ್ಷತ್ರಕ್ಕೆ ಸ್ವಲ್ಪ ಹೊತ್ತಿನವರೆಗೆ ಮಾತ್ರ ಸರಿ.

ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ಆಕಾಶದ ನಡುಪಟ್ಟಿಯಲ್ಲಿರುವ ನಕ್ಷತ್ರ ಎರಡು ನಿಮಿಷಕ್ಕೆ ಹುಣ್ಣಿಮೆ ಚಂದ್ರನ ಅಗಲದಷ್ಟು ದೂರ ಸರಿಯುತ್ತದೆ. ಕಣ್ಣಿಗೆ ಅದು ನಿಂತ ಹಾಗೇ ಕಾಣುತ್ತದೆ. ಆದರೆ ನಿಮ್ಮ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ನೋಡುವ ಆಕಾಶದ ತುಂಡು ತೀರ ಚಿಕ್ಕದು. 18 ಮಿ.ಮೀ.ನಲ್ಲಿ ಲೆಕ್ಕ ಹಾಕಿದರೆ ನಕ್ಷತ್ರವೊಂದು ಒಂದು ಪಿಕ್ಸೆಲ್ ಮೇಲೆ ನಿಲ್ಲುವುದು ಹೆಚ್ಚುಕಡಿಮೆ 2.8 ಸೆಕೆಂಡ್. ಆಮೇಲೆ ಅದರ ಬೆಳಕು ಪಕ್ಕದ ಪಿಕ್ಸೆಲ್‌ಗೆ ಬೀಳಲು ಶುರುವಾಗುತ್ತದೆ. 55 ಮಿ.ಮೀ.ಗೆ ಜೂಮ್ ಮಾಡಿದಿರಿ ಎಂದರೆ ಒಂದು ಸೆಕೆಂಡೂ ನಿಲ್ಲುವುದಿಲ್ಲ. ನಿಮ್ಮ 30 ಸೆಕೆಂಡಿನ ಫೋಟೊದಲ್ಲಿ ನಕ್ಷತ್ರ ಸುಮಾರು 32 ಪಿಕ್ಸೆಲ್ ನಡೆದಿದೆ. ಅಕ್ಕಿಕಾಳು ಅಂದದ್ದು ಅದನ್ನೇ.

ಇದರಲ್ಲಿ ಇನ್ನೊಂದು ವಿಷಯವಿದೆ, ಅದು ತಿಳಿದರೆ ಉಳಿದ ಸೆಟ್ಟಿಂಗ್‌ಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ನಕ್ಷತ್ರ ಮುಂದಿನ ಪಿಕ್ಸೆಲ್‌ಗೆ ಹೋದ ಮೇಲೆ ಹಿಂದಿನ ಪಿಕ್ಸೆಲ್‌ಗೆ ಅದರಿಂದ ಬರುವ ಬೆಳಕು ನಿಂತಿತು. ಆದರೆ ಆಕಾಶದ ಹಿನ್ನೆಲೆ ಬೆಳಕು, ಅಂದರೆ ಊರ ದೀಪಗಳ ಪ್ರಭೆ, ಧೂಳು, ತೆಳು ಮಂಜಿನ ಹೊಳಪು, ಎಲ್ಲ ಪಿಕ್ಸೆಲ್‌ಗಳ ಮೇಲೂ ಬೀಳುತ್ತಲೇ ಇರುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಒಂದೊಂದು ಪಿಕ್ಸೆಲ್‌ನಲ್ಲಿ ನಕ್ಷತ್ರದ ಹೊಳಪು ಅಷ್ಟಕ್ಕೇ ನಿಲ್ಲುತ್ತದೆ, ಹಿನ್ನೆಲೆ ಮಾತ್ರ ಏರುತ್ತ ಬಂದು ಕೊನೆಗೆ ನಕ್ಷತ್ರವನ್ನು ನುಂಗುತ್ತದೆ. ನಿಮ್ಮ ಒಂದು ಗಂಟೆಯ ಬಲ್ಬ್ ಫೋಟೊಗೆ ಆದದ್ದು ಇದೇ: 30 ಸೆಕೆಂಡಿನ 120 ಪಟ್ಟು ಹಿನ್ನೆಲೆ ಬೆಳಕು. ಹಳೆಯ ಫಿಲ್ಮ್ ಕಾಲದವರು ಗಂಟೆಗಟ್ಟಲೆ ಶಟರ್ ತೆರೆದಿಟ್ಟು ಸೊಗಸಾದ ವೃತ್ತಗಳನ್ನು ತೆಗೆದಿದ್ದಾರೆ. ಫಿಲ್ಮ್‌ಗೆ ಹೊತ್ತು ಹೋದ ಹಾಗೆ ಬೆಳಕು ಹಿಡಿಯುವ ಶಕ್ತಿ ಕುಗ್ಗುತ್ತಿತ್ತು, ಅದೇ ಅವರನ್ನು ಕಾಪಾಡಿತು. ಡಿಜಿಟಲ್ ಸೆನ್ಸರ್‌ಗೆ ಆ ಆಯಾಸವಿಲ್ಲ.

ಹಾಗಾದರೆ ಎಷ್ಟು ಸೆಕೆಂಡ್? ಎಲ್ಲರೂ ಹೇಳುವುದು 500ರ ಸೂತ್ರ. 500ನ್ನು ಲೆನ್ಸಿನ ಮಿ.ಮೀ.ಯಿಂದಲೂ ಸೆನ್ಸರ್‌ನ ಕ್ರಾಪ್ ಅಂಶದಿಂದಲೂ ಭಾಗಿಸಬೇಕು. ನಿಮ್ಮ ಕ್ಯಾನನ್‌ಗೆ ಆ ಅಂಶ 1.6, ಇದೇ ಗಾತ್ರದ ನಿಕಾನ್, ಸೋನಿ ಆಗಿದ್ದರೆ 1.5.

```
500 ÷ (18 × 1.6) = 17 ಸೆಕೆಂಡ್
500 ÷ (55 × 1.6) = 5.7 ಸೆಕೆಂಡ್
```

ನಾನು ಈ ಸೂತ್ರವನ್ನು ಹಾಗೇ ಒಪ್ಪುವುದಿಲ್ಲ. 17 ಸೆಕೆಂಡಿಗೆ ನಕ್ಷತ್ರ ಆರು ಪಿಕ್ಸೆಲ್ ಸರಿದಿರುತ್ತದೆ. ಮೊಬೈಲ್ ಪರದೆಯಲ್ಲಿ ಗೊತ್ತಾಗದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಗೊತ್ತಾಗುತ್ತದೆ. ಇನ್ನೊಂದು ಸೂತ್ರ ಪಿಕ್ಸೆಲ್ ಗಾತ್ರವನ್ನೂ ಅಪರ್ಚರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.7 ಮೈಕ್ರಾನ್ ಆಸುಪಾಸು, ಅಪರ್ಚರ್ 3.5 ಇಟ್ಟರೆ:

```
(35 × 3.5 + 30 × 3.7) ÷ 18 = 13 ಸೆಕೆಂಡ್
```

ಕ್ಯಾಮೆರಾದಲ್ಲಿ 10ಕ್ಕೂ 15ಕ್ಕೂ ನಡುವೆ 13 ಎಂಬ ನಿಲ್ದಾಣ ಇದ್ದೇ ಇದೆ. ಅದನ್ನೇ ಇಡಿ. ಇದು ಆಕಾಶದ ನಡುಪಟ್ಟಿಗೆ, ಅಂದರೆ ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳಂಥವಕ್ಕೆ ಸಲ್ಲುವ ಲೆಕ್ಕ. ಆ ಮೂರರಲ್ಲಿ ಮೊದಲು ಹುಟ್ಟುವುದು ಖಗೋಳದ ಸಮಭಾಜಕದ ಮೇಲೇ ಕೂತಿದೆ ಎನ್ನಬಹುದು, ಹಾಗಾಗಿ ಎಲ್ಲಕ್ಕಿಂತ ವೇಗ ಅಲ್ಲೇ. ಸಪ್ತರ್ಷಿ ಮಂಡಲ ಉತ್ತರಕ್ಕಿರುವುದರಿಂದ ಅದರ ನಕ್ಷತ್ರಗಳ ನಡಿಗೆ ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿಗೆ 20 ಸೆಕೆಂಡ್ ಧಾರಾಳವಾಗಿ ಕೊಡಬಹುದು. ಧ್ರುವತಾರೆಯಂತೂ ಸರಿಯುವುದೇ ಗೊತ್ತಾಗುವುದಿಲ್ಲ.

ಉಳಿದ ಸೆಟ್ಟಿಂಗ್‌ಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಡಯಲ್ M ಮೇಲೆ, ಜೂಮ್ 18ರಲ್ಲಿ, ಅಪರ್ಚರ್ 3.5, ಐಎಸ್‌ಒ 3200, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಹತ್ತಿರ, ಫೈಲ್ ರಾ, ಲೆನ್ಸಿನ ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡಿನ ಟೈಮರ್. ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ ನೋಡಿ, ಪರದೆ ಮೇಲಿನ ಚಿತ್ರವನ್ನು ನಂಬಬೇಡಿ. ಕತ್ತಲಲ್ಲಿ ಹಿಗ್ಗಿದ ಕಣ್ಣಿಗೆ ಕಪ್ಪು ಫೋಟೊ ಕೂಡ ಬೆಳಗುತ್ತದೆ. ಹಿಸ್ಟೋಗ್ರಾಮ್‌ನ ಗುಡ್ಡ ಎಡಗೋಡೆಯಿಂದ ಬಿಟ್ಟು ನಿಂತು, ಎಡಗಡೆಯ ಮೂರನೇ ಒಂದು ಪಾಲಿನೊಳಗೆ ಇದ್ದರೆ ಸರಿ. ಗೋಡೆಗೆ ಅಂಟಿದ್ದರೆ ಐಎಸ್‌ಒ ಏರಿಸಿ, ನಡುವಿಗೆ ಬಂದಿದ್ದರೆ ಇಳಿಸಿ. ಬೆಂಗಳೂರಿನ ಅಂಚಿನಲ್ಲಿ ಇದೇ ಸೆಟ್ಟಿಂಗ್ ಇಟ್ಟರೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗುವುದು ಖಂಡಿತ, ಅಲ್ಲಿ ಐಎಸ್‌ಒ 800ರಿಂದ ಶುರು ಮಾಡಬೇಕಾಗುತ್ತದೆ.

ಈಗ ಮಸುಕಿನ ವಿಷಯ. ಇದಕ್ಕೆ ಅವಸರ ಮಾಡಬೇಡಿ. ನನ್ನ ಕಡೆ ಬರುವ ಫೋಟೊಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಇಲ್ಲೇ.

ಫೋಕಸ್ ರಿಂಗನ್ನು ಒಂದು ಕೊನೆಗೆ ತಿರುಗಿಸಿ ಬಿಟ್ಟರೆ ಅನಂತಕ್ಕೆ ಫೋಕಸ್ ಆಯಿತು ಅಂದುಕೊಂಡಿರುತ್ತೇವೆ. ಈಗಿನ ಲೆನ್ಸ್‌ಗಳ ರಿಂಗ್ ಅನಂತವನ್ನು ದಾಟಿಯೂ ತಿರುಗುತ್ತದೆ. ಕಿಟ್ ಲೆನ್ಸ್‌ಗಳ ಮೇಲೆ ದೂರದ ಗುರುತೂ ಇರುವುದಿಲ್ಲ. ಹಾಗಾಗಿ ಕಣ್ಣಲ್ಲಿ ನೋಡಿಯೇ ಮಾಡಬೇಕು. ಮೊದಲು ಜೂಮ್ 18ಕ್ಕೆ ತನ್ನಿ, ಫೋಕಸ್ ಮಾಡಿದ ಮೇಲೆ ಜೂಮ್ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಫೋಕಸ್ ಜಾರುತ್ತದೆ. ಲೆನ್ಸಿನ ಗುಂಡಿಯನ್ನು MF ಮೇಲೆ ಇಡಿ. ಆಕಾಶದಲ್ಲಿ ಅತಿ ಹೊಳೆಯುವುದನ್ನು ಆರಿಸಿಕೊಳ್ಳಿ. ಜನವರಿ ರಾತ್ರಿ ಎಂಟರ ಮೇಲೆ ಪೂರ್ವದ ಕಡೆ ಲುಬ್ಧಕ ಇರುತ್ತಾನೆ, ರಾತ್ರಿಯಲ್ಲಿ ಅವನಷ್ಟು ಹೊಳೆಯುವ ನಕ್ಷತ್ರ ಬೇರೆ ಇಲ್ಲ. ಅವನನ್ನು ಚಿತ್ರದ ನಡುವಿಗೆ ತಂದು ಲೈವ್ ವ್ಯೂ ಹಾಕಿ, ಭೂತಗನ್ನಡಿಯ ಗುಂಡಿ ಒತ್ತಿ 10 ಪಟ್ಟಿಗೆ ಹಿಗ್ಗಿಸಿ.

ಪರದೆಯಲ್ಲಿ ಮೊದಲು ಏನೂ ಕಾಣದೇ ಹೋಗಬಹುದು, ಏಕೆಂದರೆ ಫೋಕಸ್ ತೀರ ತಪ್ಪಿದ್ದರೆ ನಕ್ಷತ್ರದ ಬೆಳಕು ಹರಡಿ ಕರಗಿಹೋಗಿರುತ್ತದೆ. ರಿಂಗನ್ನು ನಿಧಾನ ತಿರುಗಿಸುತ್ತ ಹೋಗಿ. ಎಲ್ಲೋ ಒಂದು ಕಡೆ ಮಬ್ಬು ಬಿಲ್ಲೆ ಕಾಣುತ್ತದೆ, ಅದು ಕುಗ್ಗುತ್ತ ಬರುತ್ತದೆ, ಚುಕ್ಕಿಯಾಗುತ್ತದೆ, ಮತ್ತೆ ಹಿಗ್ಗಲು ಶುರುವಾಗುತ್ತದೆ. ಹಿಗ್ಗಿತು ಎಂದರೆ ನೀವು ಆ ಜಾಗವನ್ನು ದಾಟಿದಿರಿ ಎಂದರ್ಥ. ಹಿಂದಕ್ಕೆ ಬನ್ನಿ. ಹೀಗೆ ದಾಟಿ, ಹಿಂದೆ ಬಂದು, ಮತ್ತೆ ದಾಟಿ ಅತಿ ಚಿಕ್ಕ ಚುಕ್ಕಿಯ ಜಾಗವನ್ನು ಹಿಡಿಯಬೇಕು. ಕಣ್ಣಿಗೆ ಖಚಿತವಾಗದಿದ್ದರೆ ಒಂದು ಒಳ್ಳೆಯ ಗುರುತು ಹೇಳುತ್ತೇನೆ: ಲುಬ್ಧಕನನ್ನು ಬಿಟ್ಟು ಅವನ ಅಕ್ಕಪಕ್ಕದ ಕತ್ತಲೆಯನ್ನು ನೋಡಿ. ಫೋಕಸ್ ಸರಿಯಾದ ಕ್ಷಣಕ್ಕೆ ಅಲ್ಲಿ ಇಲ್ಲದಿದ್ದ ಸಣ್ಣ ನಕ್ಷತ್ರ ಒಂದೆರಡು ಥಟ್ಟನೆ ಮೂಡುತ್ತವೆ. ರಿಂಗ್ ಕೂದಲೆಳೆಯಷ್ಟು ಆಚೀಚೆಯಾದರೆ ಮಾಯವಾಗುತ್ತವೆ. ದೊಡ್ಡ ನಕ್ಷತ್ರಕ್ಕಿಂತ ಆ ಸಣ್ಣವು ಹೇಳುವ ಸಾಕ್ಷಿಯೇ ನಂಬಿಕೆಗೆ ಯೋಗ್ಯ.

ಮೋಡ ಅಡ್ಡ ಬಂದು ದೊಡ್ಡ ನಕ್ಷತ್ರ ಸಿಗದಿದ್ದರೆ ಅರ್ಧ ಕಿಲೋಮೀಟರ್ ಆಚೆಗಿನ ಬೀದಿದೀಪವೂ ಆಗುತ್ತದೆ. ಅದಕ್ಕೆ ಆಟೊಫೋಕಸ್ ಮಾಡಿಸಿ, ಆಮೇಲೆ ಗುಂಡಿಯನ್ನು MFಗೆ ತಳ್ಳಿದರೆ 18 ಮಿ.ಮೀ.ನಲ್ಲಿ ಸಾಕಷ್ಟು ಹತ್ತಿರ ಬರುತ್ತದೆ. ಫೋಕಸ್ ಆದ ಮೇಲೆ ರಿಂಗ್ ಅಲುಗದಂತೆ ಒಂದು ತುಂಡು ಟೇಪ್ ಅಂಟಿಸುವುದು ರೂಢಿ. ಆದರೆ ಹೊಸ ಕಿಟ್ ಲೆನ್ಸ್ ಕೆಲವುದರಲ್ಲಿ ರಿಂಗ್ ನೇರವಾಗಿ ಗಾಜನ್ನು ತಿರುಗಿಸುವುದಿಲ್ಲ, ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೇ. ಅಂಥದ್ದಕ್ಕೆ ಟೇಪ್ ಕೆಲಸ ಮಾಡದು. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಫೋಕಸ್ ಬದಲಾಗಿರಬಹುದು. ಬ್ಯಾಟರಿ ಬದಲಿಸಿದ ಮೇಲೆ ಮತ್ತೊಮ್ಮೆ ಲುಬ್ಧಕನನ್ನು ನೋಡಿಯೇ ಮುಂದುವರಿಯಿರಿ.

ಫೋಟೊ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂಬುದನ್ನು ನಕ್ಷತ್ರದ ಆಕಾರವೇ ಹೇಳುತ್ತದೆ. ದೊಡ್ಡದು ಮಾಡಿ ನೋಡಿ. ಅಕ್ಕಪಕ್ಕದವೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಎಕ್ಸ್‌ಪೋಷರ್ ಹೆಚ್ಚಾಯಿತು. ಎಲ್ಲವೂ ದುಂಡಗೆ ಉಬ್ಬಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ರೀತಿಯ ಕೊಕ್ಕೆಯಂತೆ ಬಾಗಿದ್ದರೆ ಟ್ರೈಪಾಡ್ ಅಲುಗಿದೆ, ಗಾಳಿ ಅಥವಾ ನಿಮ್ಮ ಕೈ. ನಡುವೆ ಚೆನ್ನಾಗಿದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ ಹಕ್ಕಿಯ ರೆಕ್ಕೆಯಂತೆ ಹರಡಿದ್ದರೆ ಅದು ಲೆನ್ಸಿನ ದೋಷ. ಅಪರ್ಚರನ್ನು 4ಕ್ಕೆ ಇಳಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇನ್ನು ಸುತ್ತಿನ ಚಿತ್ರ. ಒಂದೇ ದೀರ್ಘ ಎಕ್ಸ್‌ಪೋಷರ್ ಬದಲು 13 ಸೆಕೆಂಡಿನವೇ ನೂರಾರು ಫೋಟೊಗಳನ್ನು ಬೆನ್ನುಬೆನ್ನಿಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. `StarStaX` ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಅದು `Lighten` ಎಂಬ ಬಗೆಯಲ್ಲಿ ಪೇರಿಸುವಾಗ ಪ್ರತಿ ಪಿಕ್ಸೆಲ್‌ಗೂ ಎಲ್ಲ ಫೋಟೊಗಳಲ್ಲಿ ಅತಿ ಹೆಚ್ಚು ಬೆಳಗಿದ ಬೆಲೆಯನ್ನು ಆರಿಸಿಕೊಳ್ಳುತ್ತದೆ, ಕೂಡಿಸುವುದಿಲ್ಲ. ನಕ್ಷತ್ರ ಹಾದುಹೋದ ಪಿಕ್ಸೆಲ್‌ಗಳೆಲ್ಲ ಬೆಳಗಿ ಗೆರೆಯಾಗುತ್ತವೆ, ಹಿನ್ನೆಲೆ 13 ಸೆಕೆಂಡಿನಷ್ಟೇ ಕಪ್ಪಾಗಿ ಉಳಿಯುತ್ತದೆ. ಗಂಟೆಯ ಬೆಳಕು ಒಂದೆಡೆ ಸೇರುವುದೇ ಇಲ್ಲ.

30 ಸೆಕೆಂಡ್ ಕೊಟ್ಟರೆ ಫೈಲ್ ಕಡಿಮೆ ಆಗುತ್ತವಲ್ಲ ಎಂದು ಕೇಳಬಹುದು. ಆಗುತ್ತವೆ, ಗೆರೆಯೂ ಬರುತ್ತದೆ. ಆದರೆ ಪಿಕ್ಸೆಲ್ ಮೇಲೆ ನಕ್ಷತ್ರ ನಿಲ್ಲುವುದು ಅದೇ 2.8 ಸೆಕೆಂಡ್, ಹಿನ್ನೆಲೆ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಗೆರೆ ಹೊಳೆಯುವುದು ಅಪರ್ಚರ್ ಮತ್ತು ಐಎಸ್‌ಒಯಿಂದ, ಸೆಕೆಂಡಿನಿಂದಲ್ಲ. ನಾನು ಗೆರೆಗಳಿಗೆ ಐಎಸ್‌ಒವನ್ನು 1600ಕ್ಕೆ ಇಳಿಸುತ್ತೇನೆ. 3200ರಲ್ಲಿ ಸಣ್ಣ ನಕ್ಷತ್ರಗಳೂ ಗೆರೆ ಎಳೆದು ಚಿತ್ರ ಗಿಜಿಗುಡುತ್ತದೆ, ದೊಡ್ಡವು ಬೆಳ್ಳಗಾಗಿ ಬಣ್ಣ ಕಳೆದುಕೊಳ್ಳುತ್ತವೆ. ರೋಹಿಣಿಯ ಕಿತ್ತಳೆ, ಆರ್ದ್ರೆಯ ಕೆಂಪು ಗೆರೆಯಲ್ಲಿ ಉಳಿದರೆ ಆ ಚಿತ್ರಕ್ಕೆ ಬೇರೆಯೇ ಕಳೆ.

ಕೇಬಲ್ ರಿಮೋಟ್ ಒಂದು ಬೇಕು, ಸಾದಾ ಅಗ್ಗದ್ದೇ ಸಾಕು. ಕ್ಯಾಮೆರಾವನ್ನು ಕಂಟಿನ್ಯುಅಸ್ ಶೂಟಿಂಗ್‌ಗೆ ಹಾಕಿ, ರಿಮೋಟಿನ ಗುಂಡಿ ಒತ್ತಿ ಲಾಕ್ ಮಾಡಿದರೆ ಬಿಡಿಸುವವರೆಗೂ ಅದು ತೆಗೆಯುತ್ತಲೇ ಇರುತ್ತದೆ. ಎರಡು ಫೋಟೊಗಳ ನಡುವೆ ಒಂದು ಸೆಕೆಂಡ್ ಬಿಡುವು ಆದರೂ ನಕ್ಷತ್ರ ಸರಿಯುವುದು ಪಿಕ್ಸೆಲ್‌ನ ಮೂರನೇ ಒಂದು ಭಾಗ, ಕಾಣುವುದಿಲ್ಲ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂದಿರುತ್ತದೆ, ಅದನ್ನು ಆಫ್ ಮಾಡುವುದನ್ನು ಮಾತ್ರ ಮರೆಯಬೇಡಿ. ಆನ್ ಇದ್ದರೆ ಪ್ರತಿ 13 ಸೆಕೆಂಡಿನ ಫೋಟೊ ಆದ ಮೇಲೆ ಕ್ಯಾಮೆರಾ ಇನ್ನೊಂದು 13 ಸೆಕೆಂಡ್ ಶಟರ್ ಮುಚ್ಚಿಕೊಂಡೇ ಕತ್ತಲೆಯ ಫೋಟೊ ತೆಗೆಯುತ್ತದೆ. ಗೆರೆಗೆ ಬದಲಾಗಿ ರಂಗೋಲಿ ಚುಕ್ಕಿಯಂತೆ ತುಂಡು ತುಂಡು ಸಾಲು ಬರುತ್ತದೆ, ಅದನ್ನು ಆಮೇಲೆ ಯಾವ ತಂತ್ರಾಂಶವೂ ಚೆನ್ನಾಗಿ ಬೆಸೆಯುವುದಿಲ್ಲ.

ಒಂದು ಗಂಟೆಗೆ ಸುಮಾರು 257 ಫೋಟೊ, ಅಷ್ಟರಲ್ಲಿ ಪ್ರತಿ ಗೆರೆ 15 ಡಿಗ್ರಿಯ ಕಮಾನು. ಎರಡು ಗಂಟೆಗೆ 30 ಡಿಗ್ರಿ. ಎರಡು ಗಂಟೆ ಇದ್ದರೆ ಸುತ್ತಿನ ಭಾವ ಬರುತ್ತದೆ, ಅದಕ್ಕಿಂತ ಕಡಿಮೆಯಲ್ಲಿ ಗೀಚಿದ ಹಾಗೆ ಕಾಣುತ್ತದೆ. ಅಷ್ಟೊಂದು ಫೈಲ್‌ಗೆ ಗೆರೆಯ ಚಿತ್ರವನ್ನು ಜೆಪೆಗ್‌ನಲ್ಲಿ ತೆಗೆದರೂ ನಷ್ಟವಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಫೋಟೊ ತೆಗೆದ ಕೂಡಲೇ ಪರದೆಯಲ್ಲಿ ತೋರಿಸುವುದನ್ನು ಆಫ್ ಮಾಡಿ.

ಯಾವ ಕಡೆ ತಿರುಗಿಸಬೇಕು ಎಂಬಲ್ಲಿ ನಮ್ಮ ಊರುಗಳ ಆಕಾಶವೇ ಬೇರೆ. ನೀವು ನೋಡಿ ಆಸೆಪಟ್ಟ ವೃತ್ತಗಳ ಚಿತ್ರ ಬಹುಶಃ ಲಡಾಖಿನ ಹಾನ್ಲೆಯಂಥ ಕಡೆಯದ್ದು. ಅಲ್ಲಿ ಧ್ರುವತಾರೆ ದಿಗಂತದಿಂದ 33 ಡಿಗ್ರಿ ಮೇಲಿರುತ್ತದೆ, ಸುತ್ತಲೂ ಗಾಢವಾದ ಕತ್ತಲೆ, ದೊಡ್ಡ ದೊಡ್ಡ ಪೂರ್ಣ ವೃತ್ತಗಳು. ಯಾವ ಊರಿನ ಅಕ್ಷಾಂಶ ಎಷ್ಟೋ ಧ್ರುವತಾರೆ ಅಲ್ಲಿ ಅಷ್ಟೇ ಎತ್ತರ. ಹಿರಿಯೂರಿನಲ್ಲಿ ಅದು 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ 10 ಡಿಗ್ರಿ, ಹಾಗೆ ಒಂದೂವರೆ ಮುಷ್ಟಿ ಎತ್ತರದಲ್ಲಿ, ಧೂಳಿನ ಪದರದ ಅಂಚಿನಲ್ಲಿ ಅದು ಮಂಕಾಗಿ ಕಾಣುತ್ತದೆ. ಅದರ ಸುತ್ತ 14 ಡಿಗ್ರಿಯೊಳಗಿನ ನಕ್ಷತ್ರಗಳು ಮಾತ್ರ ಮುಳುಗದೆ ಸುತ್ತುತ್ತವೆ, ಅವುಗಳಲ್ಲಿ ಹೊಳೆಯುವುದು ಧ್ರುವವೊಂದೇ. ಉಳಿದವೆಲ್ಲ ಕಾಮನಬಿಲ್ಲಿನಂಥ ದೊಡ್ಡ ಕಮಾನುಗಳು. ಉತ್ತರಕ್ಕೆ ತೆಗೆಯುವುದೇ ಆದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿ, 18 ಮಿ.ಮೀ.ನಲ್ಲಿ ಎತ್ತರಕ್ಕೆ 64 ಡಿಗ್ರಿ ಸಿಗುತ್ತದೆ. ದಿಗಂತವನ್ನು ಅಡಿಯಲ್ಲಿ ಸಣ್ಣ ಪಟ್ಟಿಯಷ್ಟೇ ಇಟ್ಟರೆ ಧ್ರುವ ಕೆಳಗಡೆ ಕೂತು ಕಮಾನುಗಳು ಮೇಲೇರುತ್ತವೆ. ಉತ್ತರಕ್ಕೆ ದೊಡ್ಡ ಊರಿನ ಪ್ರಭೆ ಇದ್ದರೆ ಈ ಚಿತ್ರ ಆಗದು, ಹೋಗುವ ಮೊದಲೇ ದಿಕ್ಕು ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ಪೂರ್ವಕ್ಕೆ ತಿರುಗಿಸಿ. ಸಮಭಾಜಕಕ್ಕೆ ಹತ್ತಿರ ಇರುವುದರಿಂದ ನಮ್ಮಲ್ಲಿ ನಕ್ಷತ್ರಗಳು ಓರೆಯಾಗಿ ಅಲ್ಲ, ಬಹುಮಟ್ಟಿಗೆ ನೆಟ್ಟಗೆ ಏಳುತ್ತವೆ. ಕ್ಯಾಮೆರಾ ಅಡ್ಡಕ್ಕೆ ಇಟ್ಟು ನೇರ ಪೂರ್ವಕ್ಕೆ ಹಿಡಿದರೆ ನಡುವಿನ ಗೆರೆಗಳು ಸರಳರೇಖೆ, ಎಡಗಡೆಯವು ಉತ್ತರದ ಧ್ರುವದ ಕಡೆಗೂ ಬಲಗಡೆಯವು ದಕ್ಷಿಣದ ಧ್ರುವದ ಕಡೆಗೂ ಬಾಗಿರುತ್ತವೆ. ಆಕಾಶ ನಡುವೆ ಬಾಯಿ ಬಿಟ್ಟಂತೆ ಕಾಣುವ ಈ ಚಿತ್ರ ಲಡಾಖಿನಲ್ಲಿ ಇಷ್ಟು ನೆಟ್ಟಗೆ ಬರುವುದಿಲ್ಲ. ಸಂಜೆ ಏಳೂವರೆಗೆ ಶುರು ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಲುಬ್ಧಕನೇ ನಿಮ್ಮ ಚೌಕಟ್ಟಿನೊಳಗೆ ಹತ್ತಿ ಹೋಗುತ್ತಾನೆ. ಮುಂದೆ ಒಂದು ಹುಣಸೆ ಮರವೋ ಗುಡಿಯ ಗೋಪುರವೋ ಇರಲಿ.

ಚಳಿಗಾಲದಲ್ಲಿ ಇನ್ನೊಂದು ಕಾಟವಿದೆ, ಇಬ್ಬನಿ. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದರ ಮೇಲೆ ತೇವ ಕೂರುತ್ತದೆ. ಕೆರೆ ಏರಿಯ ಮೇಲೆ ಮೂರು ಗಂಟೆ ಕಾದು ತೆಗೆದ ಸಾಲೊಂದನ್ನು ನಾನು ಹೀಗೇ ಕಳೆದುಕೊಂಡೆ. ಮೊದಲ ನಲವತ್ತು ನಿಮಿಷ ಗೆರೆಗಳು ಸೂಜಿಯಂತೆ ಬಂದಿದ್ದವು. ಆಮೇಲಿನ ಫೋಟೊಗಳಲ್ಲಿ ದೊಡ್ಡ ನಕ್ಷತ್ರಗಳ ಸುತ್ತ ಬೆಳಕಿನ ಬಳೆ, ಸಣ್ಣವು ಒಂದೊಂದಾಗಿ ಮಾಯ, ಕೊನೆಗೆ ಬರೀ ಬೂದು. ಪೇರಿಸಿದಾಗ ಗೆರೆಗಳು ಉಬ್ಬಿಕೊಂಡು ಅರ್ಧಕ್ಕೇ ಸತ್ತಿದ್ದವು. ಅಂದಿನಿಂದ ಕೈ ಬೆಚ್ಚಗಿಡುವ ಪೊಟ್ಟಣವೊಂದನ್ನು ಲೆನ್ಸಿನ ಸುತ್ತ, ಮುಂದಿನ ಗಾಜಿನ ಅಂಚಿನ ಹತ್ತಿರ, ಹಳೆಯ ಕಾಲುಚೀಲದ ತುಂಡಿನೊಳಗೆ ಕೂರಿಸುತ್ತೇನೆ. ಫೋಕಸ್ ಮಾಡುವ ಮೊದಲೇ ಕೂರಿಸಬೇಕು, ಆಮೇಲೆ ಕೂರಿಸಲು ಹೋದರೆ ರಿಂಗ್ ತಿರುಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಟಾರ್ಚನ್ನು ಪಕ್ಕದಿಂದ ಹಿಡಿದು ಗಾಜು ನೋಡುವುದೂ ರೂಢಿಯಾಗಿದೆ. ಬೆಳಕು ಒಂದು ಫೋಟೊವನ್ನು ಕೆಡಿಸಬಹುದು, ಕೆಡಿಸಲಿ. ಅದೊಂದನ್ನು ತೆಗೆದುಹಾಕಿದರೆ ಆಗುವ ಖಾಲಿ ಜಾಗ ಐದು ಪಿಕ್ಸೆಲ್, ಅದನ್ನು `StarStaX`ನ `Gap Filling` ತುಂಬಿಕೊಡುತ್ತದೆ.

ವಿಮಾನಗಳೂ ಬರುತ್ತವೆ. `Lighten` ಬೆಳಗಿದ್ದನ್ನೆಲ್ಲ ಉಳಿಸಿಕೊಳ್ಳುವುದರಿಂದ ಎರಡು ಗಂಟೆಯ ವಿಮಾನಗಳೆಲ್ಲ ಚಿತ್ರದ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆದಿರುತ್ತವೆ. ಪೇರಿಸಿದ ಚಿತ್ರದಲ್ಲಿ ಅದನ್ನು ಅಳಿಸಲು ಹೋದರೆ ನಕ್ಷತ್ರದ ಗೆರೆಗಳೂ ಹರಿದುಹೋಗುತ್ತವೆ. ಪೇರಿಸುವ ಮೊದಲು ಫೋಟೊಗಳನ್ನು ಒಂದೊಂದಾಗಿ ನೋಡಿ, ವಿಮಾನ ಇರುವ ಫೋಟೊದಲ್ಲಿ ಅದರ ಜಾಡಿನ ಮೇಲಷ್ಟೇ ಕಪ್ಪು ಬಣ್ಣ ಬಳಿದು ಉಳಿಸಿ. ಕಪ್ಪು ಎಂದರೆ `Lighten`ಗೆ ಏನೂ ಇಲ್ಲ ಎಂದರ್ಥ, ಆ ಜಾಗಕ್ಕೆ ಅದು ಬೇರೆ ಫೋಟೊದ ಆಕಾಶವನ್ನು ಆರಿಸಿಕೊಳ್ಳುತ್ತದೆ. ಐನೂರು ಫೋಟೊ ಹೀಗೆ ನೋಡಲು ಒಂದು ಮಧ್ಯಾಹ್ನ ಹಿಡಿಯುತ್ತದೆ.